ಸ್ಕ್ಯಾನ್ ಮಾಡಿದ ಹಳೆ ಪ್ರಶ್ನೆಪತ್ರಿಕೆಗಳಿಂದ ಪ್ರಶ್ನೆ ಬ್ಯಾಂಕ್: ಘಟಕ ಮತ್ತು ಕಷ್ಟದ ಮಟ್ಟ ಗುರುತಿಸುವುದು ಹೇಗೆ?

ಪ್ರಶ್ನೆ: ನಾನು ಭೌತಶಾಸ್ತ್ರ ಪಾಠ ಮಾಡುತ್ತೇನೆ. ಹತ್ತು-ಹನ್ನೆರಡು ವರ್ಷದ ಹಳೆ ಪ್ರಶ್ನೆಪತ್ರಿಕೆಗಳ ಸ್ಕ್ಯಾನ್ ಪಿಡಿಎಫ್‌ಗಳು ರಾಶಿ ಬಿದ್ದಿವೆ. ಕೆಲವು ಕನ್ನಡದಲ್ಲಿ, ಕೆಲವು ಇಂಗ್ಲಿಷಿನಲ್ಲಿ, ಕೆಲವು ಎರಡರಲ್ಲೂ ಇವೆ. ಇವನ್ನು ಘಟಕವಾರು, ವಿಷಯವಾರು ಜೋಡಿಸಿ ಸುಲಭ, ಮಧ್ಯಮ, ಕಷ್ಟ ಅಂತ ಗುರುತು ಹಾಕಬೇಕು. ಓಸಿಆರ್ ಮಾಡಿ ನೋಡಿದೆ, ಲೆಕ್ಕಗಳೆಲ್ಲ ಕಲಸಿಹೋಗಿ ಬಂದವು. ಎಲ್ಲಾ ಕೈಯಲ್ಲೇ ಟೈಪ್ ಮಾಡಬೇಕಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಎಲ್ಲಾ ಟೈಪ್ ಮಾಡಬೇಡಿ. ಈ ಕೆಲಸ ಅರ್ಧಕ್ಕೇ ನಿಲ್ಲುವುದು ಹೆಚ್ಚಾಗಿ ಆ ಕಾರಣಕ್ಕೇ. ಪ್ರತಿ ಪ್ರಶ್ನೆಯನ್ನೂ ಅಚ್ಚುಕಟ್ಟಾಗಿ ಟೈಪ್ ಮಾಡಿ, ಆಮೇಲೆ ವಿಂಗಡಿಸೋಣ ಅಂತ ಹೊರಟವರು ನಾಲ್ಕನೇ ಪತ್ರಿಕೆಗೆ ಸುಸ್ತಾಗುತ್ತಾರೆ. ನೀವು ಹೀಗೆ ಮಾಡಿ: ಪ್ರಶ್ನೆಯನ್ನು ಓದಲು ಅದರ ಚಿತ್ರ, ಹುಡುಕಲು ಓಸಿಆರ್ ಪಠ್ಯ. ಪಠ್ಯದಲ್ಲಿ ತಪ್ಪಿದ್ದರೂ ಸದ್ಯಕ್ಕೆ ಬಿಟ್ಟುಬಿಡಿ. ಆ ಪ್ರಶ್ನೆಯನ್ನು ಒಂದು ಪರೀಕ್ಷೆಗೆ ಆರಿಸಿಕೊಂಡ ದಿನ ಅದೊಂದನ್ನೇ ಸರಿಯಾಗಿ ಟೈಪ್ ಮಾಡಿದರಾಯಿತು. ರಾಶಿಯಲ್ಲಿರುವ ಎಷ್ಟೋ ಪ್ರಶ್ನೆಗಳು ಆ ಹಂತಕ್ಕೆ ಬರುವುದೇ ಇಲ್ಲ.

ನಿಮ್ಮ ಓಸಿಆರ್ ಯಾಕೆ ಕೆಟ್ಟಿತು ಅನ್ನುವುದನ್ನು ಮೊದಲು ನೋಡೋಣ. ಸ್ಕ್ಯಾನಿನ ಗುಣಮಟ್ಟ ತಿಳಿಯಲು ಈ ಆಜ್ಞೆ ಸಾಕು:

```
pdfimages -list 2016-03.pdf
```

ಅದರಲ್ಲಿ `x-ppi` ಅನ್ನುವ ಕಾಲಂ ನೋಡಿ. 300ರ ಹತ್ತಿರ ಇದ್ದರೆ ಚೆನ್ನ. 150 ಇದ್ದರೆ ಕನ್ನಡದ ಒತ್ತಕ್ಷರಗಳೂ ಘಾತಸಂಖ್ಯೆಗಳೂ ಮಸುಕಾಗಿರುತ್ತವೆ. ಕಾಗದದ ಪ್ರತಿ ಕೈಯಲ್ಲಿದ್ದರೆ ಮತ್ತೆ ಸ್ಕ್ಯಾನ್ ಮಾಡುವುದೇ ಲಾಭ. ಚಿತ್ರವನ್ನು ಸುಮ್ನೆ ದೊಡ್ಡದು ಮಾಡಿದರೆ ಕಳೆದುಹೋದ ವಿವರ ವಾಪಸ್ ಬರುವುದಿಲ್ಲ. ಆಮೇಲೆ ಇದು:

```
ocrmypdf -l eng+kan --rotate-pages --deskew \
  --sidecar 2016-03.txt 2016-03.pdf 2016-03-ocr.pdf
```

ಇದು ತಿರುಗಿದ ಪುಟಗಳನ್ನು ನೆಟ್ಟಗೆ ಮಾಡಿ, ವಾಲಿದ ಸಾಲುಗಳನ್ನು ಸರಿಪಡಿಸಿ, ಹುಡುಕಬಹುದಾದ ಪಿಡಿಎಫ್ ಜೊತೆಗೆ ಒಂದು ಪಠ್ಯದ ಫೈಲನ್ನೂ ಕೊಡುತ್ತದೆ. ಕನ್ನಡದ ಭಾಷಾ ಫೈಲ್ ಹಾಕಿದ್ದೀರಾ ಅಂತ `tesseract --list-langs` ಕೊಟ್ಟು ನೋಡಿಕೊಳ್ಳಿ. ಅಲ್ಲಿ `kan` ಇರಬೇಕು. ಪುಟದಲ್ಲಿ ಈಗಾಗಲೇ ಪಠ್ಯ ಇದೆ ಅಂತ ತಕರಾರು ಬಂದರೆ `--force-ocr` ಸೇರಿಸಿ.

ಎರಡು ಭಾಷೆಯ ಪತ್ರಿಕೆಗಳಲ್ಲಿ ಇನ್ನೊಂದು ತೊಂದರೆ ಇದೆ. ಎಡಕ್ಕೆ ಒಂದು ಭಾಷೆ, ಬಲಕ್ಕೆ ಇನ್ನೊಂದು ಇದ್ದರೆ ಓಸಿಆರ್ ಕೆಲವೊಮ್ಮೆ ಎರಡೂ ಕಾಲಂಗಳನ್ನು ಸೇರಿಸಿ ಒಂದೇ ಸಾಲಾಗಿ ಓದುತ್ತದೆ. ಇಂಗ್ಲಿಷ್ ವಾಕ್ಯದ ಅರ್ಧಕ್ಕೆ ಕನ್ನಡದ ಅರ್ಧ ಅಂಟಿಕೊಂಡು ಬಂದಿದ್ದರೆ ಕಾರಣ ಇದೇ. ಪುಟವನ್ನು ನಡುವೆ ಸೀಳಿ, ಆಯಾ ಅರ್ಧಕ್ಕೆ ಆಯಾ ಭಾಷೆಯ ಓಸಿಆರ್ ಕೊಡಿ:

```
pdftoppm -r 300 -png 2016-03.pdf page
magick page-1.png -crop 50%x100% +repage half-%d.png
```

ಇಷ್ಟೆಲ್ಲ ಮಾಡಿದರೂ ಸೂತ್ರಗಳು ಸರಿಯಾಗಿ ಬರುವುದಿಲ್ಲ. ಇದನ್ನು ಈಗಲೇ ಒಪ್ಪಿಕೊಂಡುಬಿಡಿ. ಪೂರ್ತಿ ಕೆಟ್ಟು ಬಂದ ಸೂತ್ರದಿಂದ ಅಪಾಯ ಕಡಿಮೆ, ಯಾಕೆಂದರೆ ಅದು ತಕ್ಷಣ ಕಣ್ಣಿಗೆ ಬೀಳುತ್ತದೆ. ಸರಿಯಾಗಿರುವಂತೆ ಕಾಣುವ ತಪ್ಪೇ ಮೋಸ ಮಾಡುವುದು. `6.6 × 10⁻³⁴` ಅನ್ನುವುದು `6.6 x 10-34` ಆಗಿ ಬರುತ್ತದೆ. ಇನ್ನೊಂದು ಪುಟದಲ್ಲಿ ಆ ಮೈನಸ್ ಚಿಹ್ನೆಯೂ ಹೋಗಿರುತ್ತದೆ. 5 ಇದ್ದ ಕಡೆ `S`, 1 ಇದ್ದ ಕಡೆ `l` ಬರುತ್ತದೆ. ಕನ್ನಡದಲ್ಲಿ ಅನುಸ್ವಾರ ಮತ್ತು ಕನ್ನಡ ಅಂಕಿ ಸೊನ್ನೆ ನೋಡಲು ಒಂದೇ ಥರ. ಒಂದರ ಜಾಗದಲ್ಲಿ ಇನ್ನೊಂದು ಕೂತರೆ ಓದುವಾಗ ಗೊತ್ತಾಗುವುದಿಲ್ಲ, ಆದರೆ ಹುಡುಕಿದಾಗ ಆ ಪ್ರಶ್ನೆ ಸಿಗುವುದಿಲ್ಲ. ಅದಕ್ಕೇ ಚಿತ್ರವೇ ಮೂಲ ಅಂತ ಹೇಳಿದ್ದು. ಪತ್ರಿಕೆ ತಯಾರಿಸುವಾಗ ಓಸಿಆರ್ ಪಠ್ಯವನ್ನು ನೇರವಾಗಿ ನಕಲು ಮಾಡಿ ಅಂಟಿಸಬೇಡಿ. ಯಾವಾಗಲೂ ಚಿತ್ರ ನೋಡಿಕೊಂಡು ಟೈಪ್ ಮಾಡಿ.

ಈಗ ಸ್ಪ್ರೆಡ್‌ಶೀಟ್ ತೆರೆಯಿರಿ. ಒಂದು ಸಾಲಿಗೆ ಒಂದು ಪ್ರಶ್ನೆ. ಪ್ರತಿ ಪ್ರಶ್ನೆಗೂ ಒಂದು ಗುರುತು ಸಂಖ್ಯೆ ಕೊಡಿ: ವಿಷಯ, ವರ್ಷ, ತಿಂಗಳು, ಪ್ರಶ್ನೆಯ ಸಂಖ್ಯೆ. `PHY-2016-03-07` ಅಂದರೆ 2016ರ ಮಾರ್ಚ್ ಪತ್ರಿಕೆಯ ಏಳನೇ ಪ್ರಶ್ನೆ. ಏಳನ್ನು 07 ಅಂತಲೇ ಬರೆಯಿರಿ, ಇಲ್ಲದಿದ್ದರೆ ಫೈಲುಗಳ ಪಟ್ಟಿಯಲ್ಲಿ 7ಕ್ಕಿಂತ 10 ಮುಂಚೆ ಬಂದು ಕೂರಬಹುದು. ಪ್ರಶ್ನೆಯನ್ನು ಪುಟದಿಂದ ಕತ್ತರಿಸಿ ಅದೇ ಹೆಸರಲ್ಲಿ ಉಳಿಸಿ: `PHY-2016-03-07.png`. ಆಗ ಶೀಟಿನ ಸಾಲಿಗೂ ಚಿತ್ರಕ್ಕೂ ನಂಟು ತಪ್ಪುವುದಿಲ್ಲ. ಈ ಗುರುತು ಸಂಖ್ಯೆಯಲ್ಲಿ ಘಟಕದ ಹೆಸರನ್ನು ಮಾತ್ರ ತುರುಕಬೇಡಿ. ಘಟಕ ನಾಳೆ ಬದಲಾಗಬಹುದು. ಪ್ರಶ್ನೆ ಯಾವ ಪತ್ರಿಕೆಯಲ್ಲಿ ಬಂದಿತ್ತು ಅನ್ನುವುದು ಬದಲಾಗುವುದಿಲ್ಲ.

ಒಂದು ಪ್ರಶ್ನೆ ಅಂದರೆ ಎಷ್ಟು? ಬೇರೆ ಯಾವುದನ್ನೂ ಬಿಡಿಸದೆ ಒಂಟಿಯಾಗಿ ಉತ್ತರಿಸಲು ಆಗುವಷ್ಟು. 'ಅಥವಾ' ಇದ್ದರೆ ಎರಡು ಸಾಲು. ಉಪಪ್ರಶ್ನೆ (ಬಿ)ಗೆ (ಎ)ಯ ಉತ್ತರ ಬೇಕಿದ್ದರೆ ಎರಡೂ ಒಂದೇ ಸಾಲಿನಲ್ಲಿರಲಿ. ಬೇಡದಿದ್ದರೆ ಬೇರೆ ಮಾಡಿ, ಆದರೆ ಎರಡಕ್ಕೂ ಸೇರಿದ ಪೀಠಿಕೆಯನ್ನು ಎರಡೂ ಚಿತ್ರಗಳಲ್ಲಿ ಇಡಿ.

ಒಂದು ಪತ್ರಿಕೆ ಮುಗಿದ ಮೇಲೆ ಯಾವುದಾದರೂ ಪ್ರಶ್ನೆ ಬಿಟ್ಟುಹೋಯಿತಾ ಅಂತ ಅಂಕಗಳನ್ನು ಕೂಡಿ ನೋಡಿ. ಇಲ್ಲೊಂದು ಎಚ್ಚರ. ಒಂದು ವಿಭಾಗದಲ್ಲಿ 3 ಅಂಕದ ಎಂಟು ಪ್ರಶ್ನೆ ಕೊಟ್ಟು 'ಯಾವುದಾದರೂ ಐದಕ್ಕೆ ಉತ್ತರಿಸಿ' ಅಂದಿದ್ದರೆ ಪತ್ರಿಕೆಯ ಲೆಕ್ಕದಲ್ಲಿ ಅದು 15 ಅಂಕ, ನಿಮ್ಮ ಶೀಟಿನಲ್ಲಿ 24. ಆದ್ದರಿಂದ ಗರಿಷ್ಠ ಅಂಕದ ಜೊತೆ ಹೋಲಿಸಬೇಡಿ. ಅಚ್ಚಾಗಿರುವ ಎಲ್ಲಾ ಪ್ರಶ್ನೆಗಳ ಅಂಕ ಕೂಡಿ, ಅದರ ಜೊತೆ ಹೋಲಿಸಿ.

ಇಲ್ಲಿಯವರೆಗೆ ಬರೀ ಕೈಕೆಲಸ. ಯೋಚನೆ ಬೇಕಾಗುವುದು ಗುರುತು ಹಾಕುವಾಗ.

ಘಟಕಗಳ ಪಟ್ಟಿಯನ್ನು ಈಗಿನ ಪಠ್ಯಕ್ರಮದಿಂದ ತೆಗೆದುಕೊಳ್ಳಿ. ಹಳೆ ಪತ್ರಿಕೆ ಓದುತ್ತಾ ಓದುತ್ತಾ ಪಟ್ಟಿ ಕಟ್ಟಬೇಡಿ, ಅದು ಬೆಳೆಯುತ್ತಲೇ ಹೋಗುತ್ತದೆ. ಒಂದೊಂದು ಘಟಕಕ್ಕೆ ನಾಲ್ಕರಿಂದ ಆರು ವಿಷಯ ಸಾಕು. ಈಗ ಪಠ್ಯಕ್ರಮದಲ್ಲಿ ಇಲ್ಲದ ಪ್ರಶ್ನೆಗಳಿಗೆ 'ಕೈಬಿಟ್ಟದ್ದು' ಅಂತ ಗುರುತು ಹಾಕಿ, ಅಳಿಸಬೇಡಿ. ಘಟಕ ಮತ್ತು ವಿಷಯದ ಕಾಲಂಗಳಲ್ಲಿ ಡ್ರಾಪ್‌ಡೌನ್ ಇರಲೇಬೇಕು. ಕೈಯಲ್ಲಿ ಟೈಪ್ ಮಾಡಿದರೆ 'ಆಂದೋಲನ', 'ಆಂದೋಲನಗಳು', ಕೊನೆಗೊಂದು ಖಾಲಿ ಜಾಗ ಇರುವ 'ಆಂದೋಲನ' ಅಂತ ಒಂದೇ ಘಟಕ ಮೂರಾಗಿ ಒಡೆಯುತ್ತದೆ. ಫಿಲ್ಟರ್ ಹಾಕಿದಾಗ ಅರ್ಧ ಪ್ರಶ್ನೆಗಳು ಕಾಣುವುದೇ ಇಲ್ಲ.

ಪ್ರಶ್ನೆಯಲ್ಲಿ ಯಾವ ಪದ ಇದೆ ಅಂತ ನೋಡಿ ಘಟಕ ಹಾಕಬಾರದು. ಉತ್ತರ ಬಿಡಿಸಲು ಯಾವ ಹೆಜ್ಜೆ ಮುಖ್ಯ ಅಂತ ನೋಡಿ ಹಾಕಬೇಕು. ಒಂದು ಉದಾಹರಣೆ ಪೂರ್ತಿ ನೋಡೋಣ.

"2 ಕೆ.ಜಿ. ದ್ರವ್ಯರಾಶಿಯ ಒಂದು ತುಂಡು 5 ಮೀಟರ್ ಎತ್ತರದ ನುಣುಪಾದ ಇಳಿಜಾರಿನ ಮೇಲೆ ನಿಶ್ಚಲ ಸ್ಥಿತಿಯಿಂದ ಜಾರಿ, ನುಣುಪಾದ ಸಮತಲ ನೆಲಕ್ಕೆ ಬಂದು, `k = 800 N/m` ಇರುವ ಸ್ಪ್ರಿಂಗಿಗೆ ತಗಲುತ್ತದೆ. (ಎ) ಸ್ಪ್ರಿಂಗ್ ಗರಿಷ್ಠ ಎಷ್ಟು ಕುಗ್ಗುತ್ತದೆ? (ಬಿ) ತಗಲಿದ ತುಂಡು ಸ್ಪ್ರಿಂಗಿಗೆ ಅಂಟಿಕೊಂಡರೆ ಆಂದೋಲನದ ಅವಧಿ ಎಷ್ಟು? `g = 10 m/s²`"

ಪದ ನೋಡಿ ಹಾಕುವವರು 'ಇಳಿಜಾರು' ಕಂಡು ಚಲನೆಯ ನಿಯಮಗಳಿಗೆ ಹಾಕುತ್ತಾರೆ. ಇನ್ನೊಬ್ಬರು 'ಸ್ಪ್ರಿಂಗ್' ಕಂಡು ಆಂದೋಲನಕ್ಕೆ ಹಾಕುತ್ತಾರೆ. ಬಿಡಿಸಿ ನೋಡಿ:

```
(ಎ)  mgh = ½kx²  →  2×10×5 = 400x²  →  x = 0.5 m
(ಬಿ)  T = 2π√(m/k) = 2π√(2/800) ≈ 0.31 s
```

(ಎ)ಯಲ್ಲಿ ಇಳಿಜಾರಿನ ಕೋನವೇ ಬೇಕಾಗಲಿಲ್ಲ. ಅದು ಶಕ್ತಿ ಸಂರಕ್ಷಣೆಯ ಲೆಕ್ಕ, 'ಕೆಲಸ, ಶಕ್ತಿ ಮತ್ತು ಸಾಮರ್ಥ್ಯ' ಘಟಕಕ್ಕೆ ಸೇರಬೇಕು. (ಬಿ)ಗೆ (ಎ)ಯ ಉತ್ತರ ಬೇಡ, ಎತ್ತರವೂ ಬೇಡ. ಅದು ಆಂದೋಲನದ ಘಟಕಕ್ಕೆ ಹೋಗುತ್ತದೆ. ಹಾಗಾಗಿ ಇವು `PHY-2016-03-27a` ಮತ್ತು `27b` ಅಂತ ಎರಡು ಸಾಲು, ಎರಡು ಘಟಕ, ಎರಡು ಚಿತ್ರ. ಪೀಠಿಕೆ ಎರಡು ಚಿತ್ರದಲ್ಲೂ ಇರುತ್ತದೆ. ಒಂದೇ ಸಾಲಿನಲ್ಲಿ ಬಿಟ್ಟಿದ್ದರೆ, ಆಂದೋಲನ ಇನ್ನೂ ಪಾಠ ಆಗದ ಮಕ್ಕಳ ಶಕ್ತಿ ಘಟಕದ ಪರೀಕ್ಷೆಗೆ (ಬಿ) ಕೂಡ ಹೋಗಿಬಿಡುತ್ತಿತ್ತು.

ಎರಡು ಘಟಕ ನಿಜವಾಗಿಯೂ ಬೇಕಾಗುವ ಪ್ರಶ್ನೆ ಬಂದರೆ? ಪಾಠದ ಕ್ರಮದಲ್ಲಿ ಕೊನೆಗೆ ಬರುವ ಘಟಕವನ್ನು ಮುಖ್ಯ ಮಾಡಿ. ಆ ಘಟಕ ಮುಗಿಯುವವರೆಗೆ ಆ ಪ್ರಶ್ನೆ ಕೊಡಲು ಆಗುವುದಿಲ್ಲ, ಅಲ್ವಾ? ಇನ್ನೊಂದನ್ನು 'ಉಪಘಟಕ' ಕಾಲಂನಲ್ಲಿ ಬರೆದಿಡಿ.

ಇನ್ನು ಕಷ್ಟದ ಮಟ್ಟ. ಇಲ್ಲಿ ಎಲ್ಲರೂ ಮೊದಲು ಮಾಡುವುದು ಅಂಕ ನೋಡಿ ನಿರ್ಧರಿಸುವುದು. 1 ಅಂಕ ಸುಲಭ, 5 ಅಂಕ ಕಷ್ಟ ಅಂತ. ಅಂಕ ಹೇಳುವುದು ಉತ್ತರದ ಉದ್ದವನ್ನು. ಪ್ರತಿ ವರ್ಷ ಬಾಯಿಪಾಠ ಮಾಡಿ ಬರೆಯುವ 5 ಅಂಕದ ಡಿರೈವೇಷನ್ ಸುಲಭವೇ ಇರಬಹುದು, ಒಂದು ಅಂಕದ ಆಯ್ಕೆ ಪ್ರಶ್ನೆ ಇಡೀ ತರಗತಿಯನ್ನು ಬೀಳಿಸಬಹುದು. ಅಂಕಕ್ಕೆ ಬೇರೆ ಕಾಲಂ ಇದೆ, ಅದನ್ನೇ ಇನ್ನೊಂದು ಹೆಸರಲ್ಲಿ ಮತ್ತೆ ಬರೆದರೆ ಏನೂ ಸಿಗುವುದಿಲ್ಲ.

'ನನಗೆ ಕಷ್ಟ ಅನ್ನಿಸಿತು' ಅನ್ನುವುದೂ ಸಾಲದು. ಸಂಜೆ ದಣಿದಾಗ ಹಾಕಿದ ಗುರುತಿಗೂ ಬೆಳಗ್ಗೆ ಹಾಕಿದ ಗುರುತಿಗೂ ತಾಳೆ ಆಗುವುದಿಲ್ಲ. ಲೆಕ್ಕಗಳಿಗೆ ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಯಾವ ವಿಧಾನ ಬಳಸಬೇಕು ಅಂತ ವಿದ್ಯಾರ್ಥಿಯೇ ಕಂಡುಕೊಳ್ಳಬೇಕಾ? ಎರಡು ಅಥವಾ ಜಾಸ್ತಿ ಬೇರೆಬೇರೆ ನಿಯಮಗಳನ್ನು ಜೋಡಿಸಬೇಕಾ? ಗಣಿತದಲ್ಲಿ ಎಡವುವ ಜಾಗ ಇದೆಯಾ, ಅಂದರೆ ವರ್ಗ ಸಮೀಕರಣ, ಮಾನಗಳ ಬದಲಾವಣೆ, ಚಿಹ್ನೆಯ ಗೊಂದಲ? ಪ್ರತಿ 'ಹೌದು'ಗೆ ಒಂದು. ಸೊನ್ನೆ ಬಂದರೆ ಸುಲಭ, ಒಂದು ಬಂದರೆ ಮಧ್ಯಮ, ಎರಡು ಅಥವಾ ಮೂರು ಬಂದರೆ ಕಷ್ಟ.

ಮೇಲಿನ ಲೆಕ್ಕಕ್ಕೆ ಹಾಕಿ ನೋಡಿ. (ಬಿ)ಯಲ್ಲಿ ಅವಧಿ ಕೇಳಿದ್ದಾರೆ, ಸೂತ್ರ ನೇರ, ಸಂಖ್ಯೆಗಳೂ ಸಲೀಸು. ಸೊನ್ನೆ, ಸುಲಭ. (ಎ)ಯಲ್ಲಿ ಶಕ್ತಿ ಸಂರಕ್ಷಣೆ ಬಳಸಿ ಅಂತ ಎಲ್ಲೂ ಹೇಳಿಲ್ಲ, ವಿದ್ಯಾರ್ಥಿಗೇ ಹೊಳೆಯಬೇಕು. ಹೊಳೆದ ಮೇಲೆ ಒಂದೇ ಸಮೀಕರಣ. ಒಂದು, ಮಧ್ಯಮ. ಇನ್ನೊಂದು ವರ್ಷ ಇದೇ ಲೆಕ್ಕದಲ್ಲಿ ಸ್ಪ್ರಿಂಗ್ ಇರುವ ಜಾಗದ ನೆಲಕ್ಕೆ ಮಾತ್ರ 0.2 ಘರ್ಷಣಾ ಗುಣಾಂಕ ಕೊಟ್ಟಿದ್ದಾರೆ ಅಂದುಕೊಳ್ಳಿ. ಆಗ ಸಮೀಕರಣ ಹೀಗಾಗುತ್ತದೆ:

```
100 = 400x² + 4x   →   x ≈ 0.495 m
```

ಉತ್ತರದಲ್ಲಿ ಹೆಚ್ಚು ವ್ಯತ್ಯಾಸವೇ ಇಲ್ಲ. ಆದರೆ ಘರ್ಷಣೆಯ ಕೆಲಸವನ್ನು ಶಕ್ತಿಯ ಲೆಕ್ಕಕ್ಕೆ ಸೇರಿಸಬೇಕು, ವರ್ಗ ಸಮೀಕರಣವನ್ನೂ ಬಿಡಿಸಬೇಕು. ಮೂರು 'ಹೌದು', ಕಷ್ಟ. ಮೂರೂ ಒಂದೇ ಚಿತ್ರದ ಲೆಕ್ಕಗಳು, ಮಟ್ಟ ಮಾತ್ರ ಮೂರು.

ಈ ನಿಯಮ ಲೆಕ್ಕಗಳಿಗೆ ಸರಿ. ವ್ಯಾಖ್ಯೆ ಬರೆಯಿರಿ, ಡಿರೈವೇಷನ್ ಮಾಡಿ ಅನ್ನುವ ಪ್ರಶ್ನೆಗಳಿಗೆ ಇದನ್ನು ಹಾಕಲು ಹೋಗಬೇಡಿ. ಅವಕ್ಕೆ 'ಬಗೆ' ಅಂತ ಪ್ರತ್ಯೇಕ ಕಾಲಂ ಮಾಡಿ: ವ್ಯಾಖ್ಯೆ, ಡಿರೈವೇಷನ್, ಚಿತ್ರ, ಕಾರಣ ಕೊಡಿ, ಲೆಕ್ಕ. ಪಠ್ಯಪುಸ್ತಕದಲ್ಲಿ ಇದ್ದ ಹಾಗೇ ಬಂದರೆ ಸುಲಭ, ಸಂದರ್ಭ ಬದಲಿಸಿ ಕೇಳಿದ್ದರೆ ಮಧ್ಯಮ ಅಥವಾ ಕಷ್ಟ, ಅಷ್ಟು ಸಾಕು.

ಕೆಲಸದ ಕ್ರಮದಿಂದ ಬಹಳ ವ್ಯತ್ಯಾಸ ಆಗುತ್ತದೆ. ಪತ್ರಿಕೆಯಿಂದ ಪತ್ರಿಕೆಗೆ ಹೋಗುತ್ತಾ ಎಲ್ಲಾ ಗುರುತುಗಳನ್ನು ಒಟ್ಟಿಗೆ ಹಾಕಬೇಡಿ. ಮೊದಲ ಸುತ್ತಿನಲ್ಲಿ ಘಟಕ ಮಾತ್ರ, ಬೇಗ ಬೇಗ. ಎರಡನೇ ಸುತ್ತಿನಲ್ಲಿ ಒಂದೇ ಘಟಕವನ್ನು ಫಿಲ್ಟರ್ ಮಾಡಿ, ಎಲ್ಲಾ ವರ್ಷದ ಪ್ರಶ್ನೆಗಳನ್ನು ಒಟ್ಟಿಗೆ ಎದುರಿಗಿಟ್ಟುಕೊಂಡು ವಿಷಯ ಮತ್ತು ಕಷ್ಟದ ಮಟ್ಟ ಹಾಕಿ. ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಯಾವುದು ಯಾವುದಕ್ಕಿಂತ ಕಷ್ಟ ಅಂತ ಸುಲಭವಾಗಿ ತಿಳಿಯುತ್ತದೆ. ಮೊದಲ ಸುತ್ತಿನಲ್ಲಿ ತಪ್ಪಾಗಿ ಬಂದು ಸೇರಿದ ಪ್ರಶ್ನೆಗಳೂ ಆಗಲೇ ಎದ್ದು ಕಾಣುತ್ತವೆ.

ಪುನರಾವರ್ತನೆ ಸಿಗುವುದೂ ಈ ಸುತ್ತಿನಲ್ಲೇ. ಸಂಖ್ಯೆ ಮಾತ್ರ ಬದಲಿಸಿ ಮತ್ತೆ ಕೇಳಿದ ಪ್ರಶ್ನೆಗಳನ್ನು ಹಿಡಿಯಲು ಒಂದು ಸೂತ್ರ ಇದೆ. ಓಸಿಆರ್ ಪಠ್ಯ `D` ಕಾಲಂನಲ್ಲಿ ಇದ್ದರೆ, ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ಹೀಗೆ:

```
=REGEX(D2;"[0-9೦-೯.]+";"#";"g")
```

ಎಲ್ಲಾ ಸಂಖ್ಯೆಗಳ ಜಾಗದಲ್ಲಿ `#` ಬರುತ್ತದೆ. ಆ ಕಾಲಂ ಪ್ರಕಾರ ವಿಂಗಡಿಸಿದರೆ ಅವಳಿ ಪ್ರಶ್ನೆಗಳು ಹತ್ತಿರ ಹತ್ತಿರ ಬರುತ್ತವೆ. ಗೂಗಲ್ ಶೀಟ್ಸ್‌ನಲ್ಲಾದರೆ `REGEXREPLACE` ಬಳಸಿ, ಅಲ್ಲಿ ಕೊನೆಯ `"g"` ಬೇಡ. ವಾಕ್ಯವನ್ನೇ ತಿರುಗಿಸಿ ಬರೆದಿದ್ದರೆ ಅಥವಾ ಓಸಿಆರ್ ತಪ್ಪಿದ್ದರೆ ಇದು ಹಿಡಿಯುವುದಿಲ್ಲ, ಕಣ್ಣೇ ಬೇಕು. ಸಿಕ್ಕ ಅವಳಿಗಳನ್ನು ಅಳಿಸಬೇಡಿ. 'ಗುಂಪು' ಅನ್ನುವ ಕಾಲಂನಲ್ಲಿ ಎಲ್ಲಕ್ಕೂ ಒಂದೇ ಸಂಖ್ಯೆ ಕೊಡಿ. ಯಾವ ಪ್ರಶ್ನೆ ಎಷ್ಟು ಸಲ, ಯಾವ ಯಾವ ವರ್ಷ ಬಂದಿದೆ ಅನ್ನುವುದೇ ಹಳೆ ಪತ್ರಿಕೆಗಳಿಂದ ಸಿಗುವ ದೊಡ್ಡ ಮಾಹಿತಿ. ಅಳಿಸಿದರೆ ಅದು ಹೋಗುತ್ತದೆ. ಒಂದೇ ಪರೀಕ್ಷೆಗೆ ಎರಡು ಅವಳಿಗಳು ಬರದಂತೆ ತಡೆಯಲೂ ಈ ಗುಂಪಿನ ಸಂಖ್ಯೆ ಬೇಕು.

ನಿಮ್ಮ ಗುರುತುಗಳನ್ನು ನಂಬಬಹುದಾ ಅಂತ ಪರೀಕ್ಷಿಸಲು, ಒಂದು ಘಟಕ ಮುಗಿದ ಮೇಲೆ ಅಲ್ಲಲ್ಲಿಂದ 30 ಪ್ರಶ್ನೆ ಆರಿಸಿ. ಕಷ್ಟದ ಮಟ್ಟದ ಕಾಲಂ ಮುಚ್ಚಿ, ಅದೇ ವಿಷಯ ಪಾಠ ಮಾಡುವ ಇನ್ನೊಬ್ಬರಿಗೆ ನಿಮ್ಮ ನಿಯಮವನ್ನು ಬರಹದಲ್ಲಿ ಕೊಟ್ಟು ಗುರುತು ಹಾಕಿಸಿ. ಸುಲಭಕ್ಕೂ ಮಧ್ಯಮಕ್ಕೂ ನಡುವೆ ಮೂರ್ನಾಲ್ಕು ವ್ಯತ್ಯಾಸ ಇದ್ದೇ ಇರುತ್ತದೆ, ಬಿಡಿ. ನೀವು 'ಸುಲಭ' ಅಂದದ್ದನ್ನು ಅವರು 'ಕಷ್ಟ' ಅಂದಿದ್ದರೆ ಅಲ್ಲಿ ನಿಲ್ಲಿ. ನಿಯಮದ ಯಾವ ಮಾತು ಇಬ್ಬರಿಗೂ ಬೇರೆ ಬೇರೆ ಅರ್ಥ ಕೊಟ್ಟಿತು ಅಂತ ಕೂತು ಮಾತಾಡಿ, ಆ ಮಾತನ್ನು ತಿದ್ದಿ, ಆಮೇಲೆ ಉಳಿದ ಘಟಕಗಳಿಗೆ ಹೋಗಿ. ಬರೀ ಆ ಒಂದು ಪ್ರಶ್ನೆಯ ಗುರುತು ಬದಲಿಸಿ ಮುಂದೆ ಹೋದರೆ ಅದೇ ಗೊಂದಲ ಮುಂದಿನ ಘಟಕದಲ್ಲೂ ಬರುತ್ತದೆ.

ಪ್ರಶ್ನೆಗಳನ್ನು ಪರೀಕ್ಷೆಯಲ್ಲಿ ಬಳಸಲು ಶುರು ಮಾಡಿದ ಮೇಲೆ ಇನ್ನೂ ಒಳ್ಳೆಯ ಅಳತೆ ಸಿಗುತ್ತದೆ. 40 ಮಂದಿ ಬರೆದು 12 ಮಂದಿ ಸರಿ ಮಾಡಿದರೆ ಆ ಪ್ರಶ್ನೆಯ ಅಳತೆ 0.30. ಸಾಮಾನ್ಯವಾಗಿ 0.7ಕ್ಕಿಂತ ಮೇಲಿದ್ದರೆ ಸುಲಭ, 0.3ಕ್ಕಿಂತ ಕೆಳಗಿದ್ದರೆ ಕಷ್ಟ ಅನ್ನುತ್ತಾರೆ. ಇದನ್ನು ಬೇರೆ ಕಾಲಂನಲ್ಲಿ ಬರೆಯಿರಿ, ನಿಮ್ಮ ಗುರುತಿನ ಮೇಲೆ ಬರೆಯಬೇಡಿ. ಹಿಂದಿನ ದಿನವೇ ಅದೇ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಿದ್ದರೆ ಅಳತೆ ಏರಿರುತ್ತದೆ. ಆಯ್ಕೆ ಇರುವ ವಿಭಾಗದಲ್ಲಿ, ಗೊತ್ತಿದ್ದವರು ಮಾತ್ರ ಆ ಪ್ರಶ್ನೆ ಮುಟ್ಟಿರುತ್ತಾರೆ, ಆಗಲೂ ಅಷ್ಟೇ. ಹತ್ತು ಮಂದಿಯ ತರಗತಿಯಾದರೆ ಒಬ್ಬರ ಉತ್ತರವೇ ಅಳತೆಯನ್ನು 0.1 ಅಲುಗಿಸುತ್ತದೆ, ಅದರ ಮೇಲೆ ತೀರ್ಮಾನ ಬೇಡ. ನಿಮ್ಮ ಗುರುತಿಗೂ ಈ ಅಳತೆಗೂ ಬಹಳ ದೂರ ಇದ್ದರೆ ಪ್ರಶ್ನೆಯನ್ನೇ ಮತ್ತೆ ಓದಿ. ಎಷ್ಟೋ ಸಲ ಮಾತು ಅಸ್ಪಷ್ಟವಾಗಿರುತ್ತದೆ, ಅಥವಾ ಟೈಪ್ ಮಾಡುವಾಗ ಒಂದು ಸಂಖ್ಯೆ ತಪ್ಪಿರುತ್ತದೆ.

ಹತ್ತು-ಹನ್ನೆರಡು ವರ್ಷದ್ದನ್ನೂ ಒಟ್ಟಿಗೆ ತೆಗೆದುಕೊಳ್ಳಬೇಡಿ. ಹೊಸ ಮೂರು ವರ್ಷದ ಪತ್ರಿಕೆಗಳಿಂದ ಶುರು ಮಾಡಿ, ಯಾಕೆಂದರೆ ಅವು ಈಗಿನ ಪಠ್ಯಕ್ರಮಕ್ಕೆ ಹತ್ತಿರ ಇರುತ್ತವೆ. ವಿಷಯಗಳ ಪಟ್ಟಿ ಸರಿ ಇದೆಯಾ ಅಂತ ಅಲ್ಲೇ ಗೊತ್ತಾಗುತ್ತದೆ. 'ಇತರೆ'ಗೆ ಹೋದ ಪ್ರಶ್ನೆಗಳು ಜಾಸ್ತಿಯಾದರೆ ಪಟ್ಟಿಯಲ್ಲಿ ಏನೋ ಬಿಟ್ಟುಹೋಗಿದೆ, ಸೇರಿಸಿ. ಒಂದು ವಿಷಯಕ್ಕೆ ಒಂದೋ ಎರಡೋ ಪ್ರಶ್ನೆ ಮಾತ್ರ ಬಿದ್ದಿದ್ದರೆ ಪಕ್ಕದ ವಿಷಯಕ್ಕೆ ಸೇರಿಸಿಬಿಡಿ. ಪಟ್ಟಿ ಹೀಗೆ ಗಟ್ಟಿಯಾದ ಮೇಲೆ ಹಳೆಯ ವರ್ಷಗಳಿಗೆ ಇಳಿಯಿರಿ.

ಶೀಟಿಗೆ ಕೊನೆಯದಾಗಿ 'ಪರಿಶೀಲಿಸಿದೆ' ಅನ್ನುವ ಕಾಲಂ ಸೇರಿಸಿ, ಎಲ್ಲಾ ಸಾಲಿಗೂ 'ಇಲ್ಲ' ಅಂತ ಹಾಕಿಡಿ. ಪರೀಕ್ಷೆ ಮಾಡಬೇಕಾದಾಗ ಘಟಕ ಮತ್ತು ಮಟ್ಟದ ಫಿಲ್ಟರ್ ಹಾಕಿ, ಪ್ರಶ್ನೆ ಆರಿಸಿ, ಚಿತ್ರ ನೋಡಿಕೊಂಡು ಪಠ್ಯ ಸರಿಪಡಿಸಿ, ಒಮ್ಮೆ ನೀವೇ ಬಿಡಿಸಿ ಉತ್ತರ ಬರೆದು, ಆಮೇಲೆ ಅದನ್ನು 'ಹೌದು' ಮಾಡಿ.